ಮದುವೆ ಇಟ್ಟುಕೊಂಡಿದ್ದೇವೆ, ಬನ್ನಿ

ಕರಡು ತಿದ್ದುವುದು ನನ್ನ ಕಸುಬು. ಹಾಗಾಗಿ ಬೀದಿಯಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಒಮ್ಮೆ ನನ್ನ ಮೇಜಿಗೆ ಬರುತ್ತದೆ. 2026ರ ಮೇ 3ರ ಮದುವೆಯೊಂದರ ಕರಡು ಹಾಗೆಯೇ ಬಂತು. ತಂದುಕೊಟ್ಟವರು ಹುಡುಗಿಯ ತಾಯಿ. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿವೆ, ಇರುವವಳು ಒಬ್ಬಳೇ ಮಗಳು. ನಾನು ಅವರನ್ನು ಅಕ್ಕ ಎಂದೇ ಕರೆಯುವುದು. "ತಪ್ಪೇನಾದ್ರೂ ಇದ್ರೆ ನೋಡಪ್ಪ. ಓದಿದ್ರೆ ಯಾರದೋ ಮನೆ ಮದ್ವೆ ಅನ್ಸುತ್ತೆ" ಎಂದರು. ಅವರ ಆ ಎರಡನೆಯ ಮಾತಿನಿಂದಲೇ ಕೆಲಸ ಶುರುವಾಯಿತು.

ಕರಡು ಹೀಗಿತ್ತು. ಹೆಸರುಗಳ ಜಾಗದಲ್ಲಿ ನಾನು ಚುಕ್ಕಿ ಇಟ್ಟಿದ್ದೇನೆ.

"ಸ್ವಸ್ತಿಶ್ರೀ ವಿಜಯಾಭ್ಯುದಯ ನೃಪ ಶಾಲಿವಾಹನ ಶಕ ವರ್ಷಂಗಳು 1948ನೇ ಶ್ರೀ ಪರಾಭವ ನಾಮ ಸಂವತ್ಸರದ ಉತ್ತರಾಯಣ ವಸಂತ ಋತು ವೈಶಾಖ ಮಾಸ ಬಹುಳ ಬಿದಿಗೆ ದಿನಾಂಕ 3-5-2026ನೇ ಭಾನುವಾರ ಬೆಳಿಗ್ಗೆ 9-30ರಿಂದ 10-30ರವರೆಗೆ ಸಲ್ಲುವ ಅನುರಾಧಾ ನಕ್ಷತ್ರ ಶುಭ ಮಿಥುನ ಲಗ್ನದ ಶುಭ ಮುಹೂರ್ತದಲ್ಲಿ ತಿಪಟೂರಿನ ಶ್ರೀಮತಿ … ಕೋಂ ಲೇಟ್ … ರವರ ಏಕೈಕ ಪುತ್ರಿಯಾದ ಚಿ||ಸೌ|| … ರವರ ಶುಭ ವಿವಾಹ ಮಹೋತ್ಸವವನ್ನು ಅರಸೀಕೆರೆಯ ಶ್ರೀಮತಿ … ಮತ್ತು ಶ್ರೀ … ರವರ ದ್ವಿತೀಯ ಪುತ್ರರಾದ ಚಿ||ರಾ|| … ರವರೊಂದಿಗೆ ತಿಪಟೂರಿನ ಬಿ.ಎಚ್. ರಸ್ತೆಯಲ್ಲಿರುವ … ಸಮುದಾಯ ಭವನದಲ್ಲಿ ನೆರವೇರಿಸಲು ಗುರುಹಿರಿಯರು ನಿಶ್ಚಯಿಸಿರುವುದರಿಂದ ತಾವುಗಳು ಸಕುಟುಂಬ ಸಪರಿವಾರ ಸಮೇತರಾಗಿ ಈ ಶುಭ ಸಮಾರಂಭಕ್ಕೆ ಆಗಮಿಸಿ ವಧೂವರರನ್ನು ಆರ್ಶೀವದಿಸಿ ನಮ್ಮ ಆತಿಥ್ಯವನ್ನು ಸ್ವೀಕರಿಸಬೇಕಾಗಿ ಕೋರುವ ತಮ್ಮ ಆಗಮನಾಭಿಲಾಷಿಗಳು."

ಇದರ ಮೇಲೆ ಮನೆದೇವರ ಹೆಸರು, ಕೆಳಗೆ ಹುಡುಗಿಯ ದೊಡ್ಡಪ್ಪ ದೊಡ್ಡಮ್ಮನ ಹೆಸರು, ಫೋನ್ ನಂಬರು, "ಅದೇ ದಿನ ಸಂಜೆ 7ಕ್ಕೆ ಆರತಕ್ಷತೆ ಏರ್ಪಡಿಸಲಾಗಿದೆ" ಎಂಬ ಒಂದು ಸಾಲು, "ಆಶೀರ್ವಾದವೇ ಉಡುಗೊರೆ" ಎಂಬ ಇನ್ನೊಂದು ಸಾಲು, ಕೊನೆಗೆ ಕಾರ್ಯಕ್ರಮಗಳ ಒಂದು ಚೌಕ.

ಮೇಲಿನದು ಒಂದೇ ವಾಕ್ಯ. ಎಂಬತ್ತಕ್ಕೂ ಹೆಚ್ಚು ಪದಗಳಿವೆ, ಆದರೆ ಪೂರ್ಣ ಕ್ರಿಯಾಪದ ಒಂದೂ ಇಲ್ಲ. 'ಸಲ್ಲುವ', 'ನಿಶ್ಚಯಿಸಿರುವುದರಿಂದ', 'ಕೋರುವ' ಎಂದು ಒಂದಕ್ಕೊಂದು ಕೊಂಡಿಯಾಗುತ್ತಾ ಹೋಗಿ ಕೊನೆಗೆ 'ಆಗಮನಾಭಿಲಾಷಿಗಳು' ಎಂಬ ನಾಮಪದದಲ್ಲಿ ನಿಲ್ಲುತ್ತದೆ. ಯಾರನ್ನು ಕರೆಯುತ್ತಿದ್ದಾರೋ ಅವರು 'ತಾವುಗಳು' ಎಂದು ಮೊದಲು ಕಾಣಿಸಿಕೊಳ್ಳುವುದೇ ಸುಮಾರು ಎಪ್ಪತ್ತನೆಯ ಪದಕ್ಕೆ. 'ಬನ್ನಿ' ಎಂಬ ಮಾತು ಎಲ್ಲಿಯೂ ಇಲ್ಲ. ತಾಯಿಗೆ ಅದು ಯಾರದೋ ಮನೆಯ ಮದುವೆ ಅನ್ನಿಸಿದ್ದರ ಕಾರಣ ಅಲ್ಲಿತ್ತು. 'ಶುಭ' ನಾಲ್ಕು ಸಲ ಬಂದಿದ್ದರೂ ಕರೆಯುವ ದನಿ ಒಮ್ಮೆಯೂ ಕೇಳಿಸುತ್ತಿರಲಿಲ್ಲ.

ಕತ್ತರಿ ಹಾಕುವ ಮೊದಲು ನಾನು ಮಾಡುವ ಕೆಲಸ ಒಂದಿದೆ. ಬೇರೆ ಹಾಳೆಯಲ್ಲಿ, ಕರಡಿನಲ್ಲಿರುವ ಸಂಗತಿಗಳನ್ನು ಒಂದೊಂದೇ ಸಾಲಾಗಿ ಬರೆದುಕೊಳ್ಳುವುದು. ಮನೆದೇವರ ಹೆಸರು ಒಂದು ಸಾಲು. ಹುಡುಗಿ ಒಂದು ಸಾಲು, ಒಬ್ಬಳೇ ಮಗಳು ಎಂಬುದು ಮತ್ತೊಂದು. ಹುಡುಗ ಒಂದು, ಎರಡನೆಯ ಮಗ ಎಂಬುದು ಇನ್ನೊಂದು. ತಂದೆತಾಯಿ, ಊರು, ದಿನ, ವಾರ, ಹೊತ್ತು, ಜಾಗ, ಊಟ, ಫೋನು. ಈ ಪತ್ರಿಕೆಯಲ್ಲಿ ಅಂಥವು ಇಪ್ಪತ್ತನಾಲ್ಕು ಸಿಕ್ಕವು. ತಿದ್ದಿದ ಮೇಲೆ ಅಷ್ಟಕ್ಕೂ ಗುರುತು ಹಾಕಲು ಆಗಬೇಕು. ಮಾತು ಎಷ್ಟು ಬೇಕಾದರೂ ಕಡಿಮೆಯಾಗಲಿ, ಆ ಪಟ್ಟಿಯಿಂದ ಒಂದು ಸಾಲೂ ಬೀಳಬಾರದು. ಚಿಕ್ಕದು ಮಾಡುವ ಆಸೆಯಲ್ಲಿ ಊಟದ ಹೊತ್ತೋ ಬೀಗರ ಊರೋ ಕಳೆದುಹೋದರೆ ಅದು ತಿದ್ದಿದ್ದಲ್ಲ, ಕೆಡಿಸಿದ್ದು.

ಪಟ್ಟಿ ಬರೆಯುವಾಗಲೇ ಒಂದು ತೊಡಕು ಎದ್ದಿತು. ಮೇಲಿನ ಸಾಲಿನಲ್ಲಿ ಆರತಕ್ಷತೆ "ಅದೇ ದಿನ", ಎಂದರೆ ಭಾನುವಾರ ಸಂಜೆ. ಕೆಳಗಿನ ಚೌಕದಲ್ಲಿ 2-5-2026, ಶನಿವಾರ ಸಂಜೆ. ಅಕ್ಕನನ್ನು ಕೇಳಿದೆ. ಶನಿವಾರವೇ ಸರಿ, ಹಿಂದಿನ ದಿನವೇ ಆರತಕ್ಷತೆ, ರಾತ್ರಿ ಊಟ ಅಂದರು. ಹಾಗಾದರೆ "ಅದೇ ದಿನ" ಬಂದದ್ದೆಲ್ಲಿಂದ? ಮನೆಯವರು ಹಿಂದೆ ಅಚ್ಚು ಹಾಕಿಸಿದ್ದ ಇನ್ನೊಂದು ಮದುವೆಯ ಪತ್ರಿಕೆಯನ್ನೇ ಮಾದರಿಯಾಗಿಟ್ಟು, ಹೆಸರು ತಾರೀಖು ಬದಲಿಸಿ ಈ ಕರಡು ಸಿದ್ಧಮಾಡಿದ್ದರು. ಆ ಮದುವೆಯ ಆರತಕ್ಷತೆ ಧಾರೆಯ ದಿನವೇ ಸಂಜೆ ನಡೆದಿತ್ತು. ಅದರ ಒಂದು ಸಾಲು ಇಲ್ಲಿ ಹಾಗೆಯೇ ಉಳಿದುಬಿಟ್ಟಿತ್ತು. ನಾನು ನೋಡಿದ ಮದುವೆ ಪತ್ರಿಕೆಗಳಲ್ಲಿ ಅತಿ ಹೆಚ್ಚು ತಪ್ಪು ಹೊಕ್ಕಿರುವುದು ಈ ಬಾಗಿಲಿನಿಂದಲೇ. ಓದುವವರಿಗೆ ವಾಕ್ಯ ಪರಿಚಿತವಾದದ್ದರಿಂದ ಕಣ್ಣು ಅದರ ಮೇಲೆ ಜಾರಿಹೋಗುತ್ತದೆ. ಆ ಮೇ ತಿಂಗಳಲ್ಲಂತೂ 17ರಿಂದ ಅಧಿಕ ಜ್ಯೇಷ್ಠ. ಅಧಿಕ ಮಾಸದಲ್ಲಿ ಮದುವೆ ಮಾಡುವುದಿಲ್ಲವಾದ್ದರಿಂದ ಮುಹೂರ್ತಗಳೆಲ್ಲ ಅದಕ್ಕೆ ಮೊದಲೇ ಒತ್ತೊತ್ತಾಗಿ ಬಿದ್ದಿದ್ದವು. ಒಂದೇ ಭಾನುವಾರಕ್ಕೆ ಎರಡು ಮೂರು ಪತ್ರಿಕೆ ಕೈಯಲ್ಲಿ ಹಿಡಿದವರು, ಇಲ್ಲಿ ಆರತಕ್ಷತೆಗೆ ಹೋಗಿ ಅಲ್ಲಿ ಧಾರೆಗೆ ಹೋಗೋಣ ಎಂದು ಲೆಕ್ಕ ಹಾಕುತ್ತಾರೆ. "ಅದೇ ದಿನ" ಎಂದು ನಂಬಿ ಭಾನುವಾರ ಸಂಜೆ ಬಂದಿದ್ದರೆ ಅವರಿಗೆ ಕಾಣುತ್ತಿದ್ದದ್ದು ಗುಡಿಸಿ ಮುಗಿಸಿದ ಭವನ.

ಇನ್ನೊಂದು ತಪ್ಪು ಅಕ್ಷರದ್ದು. 'ಆರ್ಶೀವದಿಸಿ' ಎಂದಿತ್ತು. 'ಆಶೀರ್ವಾದ' ಎಂಬ ಪದದಲ್ಲಿ ಅರ್ಧ ರಕಾರ ಕೂರಬೇಕಾದದ್ದು 'ವ'ದ ಜೊತೆ. ಅರ್ಕಾವತ್ತು ಒಂದು ಅಕ್ಷರ ಹಿಂದೆ ಸರಿದು 'ಶೀ'ಯ ಪಕ್ಕಕ್ಕೆ ಬಿದ್ದರೆ 'ಆರ್ಶೀವಾದ' ಆಗುತ್ತದೆ. 'ಆಹ್ವಾನ' ಎಂಬುದು 'ಆವ್ಹಾನ' ಆಗುವುದೂ ಇಂಥದೇ ಹಿಂದುಮುಂದಿನಿಂದ. ಮದುವೆ ಪತ್ರಿಕೆಯನ್ನು ಕೈಗೆತ್ತಿಕೊಂಡ ಕೂಡಲೇ ಈ ಎರಡು ಪದಗಳನ್ನು ನೋಡಿಬಿಡಿ, ಸಾಮಾನ್ಯವಾಗಿ ಒಂದಾದರೂ ಸಿಗುತ್ತದೆ.

ಇನ್ನು ಮುಖ್ಯ ಕೆಲಸ. "ಅಕ್ಕ, ಎದುರುಮನೆಯವರನ್ನ ನೀವು ಹೇಗೆ ಕರೀತೀರಿ? ಹಾಗೇ ಹೇಳಿ" ಅಂದೆ. ಅವರು ಒಂದು ಗಳಿಗೆ ಸುಮ್ಮನಿದ್ದು, "ಮಗಳ ಮದ್ವೆ ಇಟ್ಕೊಂಡಿದೀವಿ, ಎಲ್ರೂ ಬರ್ಬೇಕು. ಹಿಂದಿನ ದಿನಾನೇ ಬಂದ್ಬಿಡಿ, ಊಟಕ್ಕೆ ಅಲ್ಲೇ" ಅಂದರು. ಅಲ್ಲಿಗೆ ಪತ್ರಿಕೆಯ ಮೊದಲ ವಾಕ್ಯ ಸಿಕ್ಕಿತು. 'ವಿವಾಹ ಮಹೋತ್ಸವವನ್ನು ನೆರವೇರಿಸಲು ನಿಶ್ಚಯಿಸಿರುವುದರಿಂದ' ಎಂದು ಎಳೆದು ಹೇಳುವುದನ್ನು ನಮ್ಮ ಕಡೆ 'ಮದುವೆ ಇಟ್ಟುಕೊಂಡಿದ್ದೇವೆ' ಎಂಬ ಎರಡು ಪದ ಹೇಳುತ್ತವೆ. ಆ ಎರಡು ಪದಗಳೊಳಗೆ ಜವಾಬ್ದಾರಿ ಹೊತ್ತ ಮನೆ ಇದೆ, ನೆರವಿಗೆ ಬನ್ನಿ ಎಂಬ ಸೂಚನೆಯೂ ಇದೆ. ಬೆಚ್ಚನೆಯ ಮಾತಿಗಾಗಿ ಹೊರಗಿನಿಂದ ವಿಶೇಷಣ ತಂದು ಅಂಟಿಸಬೇಕಾಗಿಲ್ಲ. ಮನೆಯವರ ಬಾಯಲ್ಲಿ ಇರುವುದನ್ನು ಕೇಳಿಸಿಕೊಂಡರೆ ಸಾಕು, ಮಾತು ತಾನಾಗಿ ಚಿಕ್ಕದೂ ಆಗುತ್ತದೆ. 'ಸಕುಟುಂಬ ಸಪರಿವಾರ ಸಮೇತರಾಗಿ' ಎಂಬಲ್ಲಿ 'ಜೊತೆಗೆ' ಎಂಬ ಅರ್ಥ ಮೂರು ಸಲ ಬಂದಿದೆ. 'ಸ' ಎಂದರೂ ಅದೇ, 'ಸಮೇತ' ಎಂದರೂ ಅದೇ. 'ಮನೆಮಂದಿಯೆಲ್ಲ ಬನ್ನಿ' ಎಂದರೆ ಅಷ್ಟೂ ಬಂತು.

ಆದರೆ ಕರೆಯುವವರು ಯಾರು? ಕರಡಿನಲ್ಲಿ ಆಗಮನಾಭಿಲಾಷಿಗಳಾಗಿ ನಿಂತಿದ್ದವರು ದೊಡ್ಡಪ್ಪ ದೊಡ್ಡಮ್ಮ. ತಾಯಿ ಇದ್ದದ್ದು 'ಕೋಂ ಲೇಟ್' ಎಂಬ ಎರಡು ಪದಗಳ ಸಂದಿಯಲ್ಲಿ. 'ಕೋಂ', 'ಬಿನ್' ಎಂಬವು ಖಾತೆ, ಪಹಣಿ, ಅರ್ಜಿಗಳ ಮಾತು. ಇಂಥವರ ಹೆಂಡತಿ, ಇಂಥವರ ಮಗ ಎಂದು ಕಚೇರಿಗೆ ತಿಳಿಸಲು ಇರುವಂಥವು. ಮಗಳ ಮದುವೆಗೆ ಕರೆಯುವ ತಾಯಿಯನ್ನು ಆ ಮಾತಿನಲ್ಲಿ ಗುರುತಿಸುವುದು ನನಗೆ ಸರಿ ಕಾಣಲಿಲ್ಲ. ಇದಕ್ಕಿಂತ ನೋವಿನ ಸಂಗತಿ ಇನ್ನೊಂದಿತ್ತು. ಊರಿನಲ್ಲಿ ಮನೆಮನೆಗೆ ಹೋಗಿ ಕುಂಕುಮವಿಟ್ಟು ಕರೆಯುವ ಕೆಲಸಕ್ಕೆ ಹೊರಟಿದ್ದವರು ಅವರ ಓರಗಿತ್ತಿ. ಅಕ್ಕ ಮನೆಯಲ್ಲೇ ಉಳಿಯುವುದೆಂದು ಯಾರೂ ಬಾಯಿಬಿಟ್ಟು ಹೇಳದೆಯೇ ತೀರ್ಮಾನವಾಗಿತ್ತು. ಬಾಗಿಲಿಗೆ ಹೋಗಿ ಕರೆಯಲಾಗದ ತಾಯಿಯ ದನಿ ಆ ಬಾಗಿಲಿಗೆ ತಲುಪುವುದು ಪತ್ರಿಕೆಯ ಮೂಲಕ ಮಾತ್ರ. ಅದರಲ್ಲೂ ಆಕೆ ಇಲ್ಲವೆಂದರೆ ಹೇಗೆ? ಪದ ಬದಲಿಸುವುದಕ್ಕಿಂತ ಮೊದಲು ಈ ಜಾಗ ಬದಲಾಗಬೇಕು, ಪತ್ರಿಕೆ 'ನನ್ನ ಮಗಳು' ಎಂದು ತಾಯಿಯ ಬಾಯಲ್ಲೇ ಶುರುವಾಗಬೇಕು ಎಂದು ಗಟ್ಟಿಯಾಗಿ ಹೇಳಿದೆ.

ಆ ಸಂಜೆ ದೊಡ್ಡಪ್ಪ ಬಂದರು. ತಮ್ಮ ಹೆಸರು ಕೆಳಗೆ ಹೋದದ್ದಕ್ಕೆ ಅವರು ಬೇಸರಪಡಲಿಲ್ಲ. "ಅವಳು ಕರೀಲಿ, ನಾವು ಜೊತೆಗೆ ನಿಲ್ತೀವಿ" ಎಂದರು. ಆ ಮಾತಿಗೆ ನಾನು ಅವರಿಗೆ ಋಣಿ. ಅವರ ತಕರಾರು ಇದ್ದದ್ದು ಬೇರೆ ಕಡೆ. "ಸ್ವಸ್ತಿಶ್ರೀ ಇಲ್ಲದೆ ಲಗ್ನಪತ್ರಿಕೆ ಉಂಟೇನ್ರೀ?" ಎಂದರು.

ಪ್ರಶ್ನೆ ನ್ಯಾಯವಾದದ್ದೇ. ಆ ಆರಂಭಕ್ಕೆ ದೊಡ್ಡ ವಯಸ್ಸಿದೆ. ವಿಜಯನಗರ ಕಾಲದ ಶಿಲಾಶಾಸನಗಳು ಕಾಲವನ್ನು ಹೇಳುವ ರೀತಿಯೇ ಅದು: ಸ್ವಸ್ತಿಶ್ರೀ ಎಂದು ಶುರುಮಾಡಿ, ಶಾಲಿವಾಹನ ಶಕದ ವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ. ದಾನ ಕೊಟ್ಟ ದಿನ ಯಾವುದೆಂದು ಮುಂದೆ ಜಗಳ ಬರಬಾರದು, ಅದಕ್ಕೆ ಹಾಗೆ ಕಲ್ಲಿನ ಮೇಲೆ ಕೆತ್ತುತ್ತಿದ್ದರು. ಮದುವೆಯಲ್ಲೂ ಅದಕ್ಕೊಂದು ಜಾಗ ಇದೆ. ಎರಡೂ ಮನೆಯವರು ಕೂತು, ಪುರೋಹಿತರು ಲಗ್ನ ಬರೆದು ಓದುವ ಲಗ್ನಪತ್ರಿಕೆ ಅದರ ಜಾಗ, ಏಕೆಂದರೆ ಅದು ಎರಡು ಮನೆಗಳ ನಡುವಿನ ಕರಾರು. ನಾವು ಹಂಚುವುದು ಕರೆಯೋಲೆ. ಕಾಲಾಂತರದಲ್ಲಿ ಎರಡಕ್ಕೂ ಒಂದೇ ಹೆಸರು ಬಂದು, ಕರಾರಿನ ಭಾಷೆ ಕರೆಯೋಲೆಗೂ ಇಳಿಯಿತು. ಆದರೂ ಪಂಚಾಂಗದ ವಿವರವನ್ನು ಕಿತ್ತುಹಾಕುವುದು ಸರಿಯಲ್ಲ. ಅದು ಮನೆಯ ಹಿರಿಯರಿಗೆ ಬೇಕಾದ ಸಂಗತಿ, ನನ್ನ ಪಟ್ಟಿಯಲ್ಲೂ ಇತ್ತು. ಹಾಗಾಗಿ ತಿಥಿ, ನಕ್ಷತ್ರ, ಲಗ್ನ ಯಾವುದನ್ನೂ ಬಿಡದೆ ಒಂದೇ ಸಾಲಿನಲ್ಲಿ ಕಾರ್ಯಕ್ರಮದ ಕೆಳಗೆ ಕೂರಿಸಿದೆ. ಬಿದ್ದುಹೋದದ್ದು 'ಸ್ವಸ್ತಿಶ್ರೀ', 'ವಿಜಯಾಭ್ಯುದಯ ನೃಪ', 'ವರ್ಷಂಗಳು', 'ನಾಮ' ಇಂಥವು ಮಾತ್ರ. ಆ ವರ್ಷದ ಸಂವತ್ಸರ ಪರಾಭವ. ಸೋಲು ಎಂಬ ಅರ್ಥ ಬರುತ್ತದಲ್ಲ, ಅದನ್ನು ಬಿಟ್ಟರೆ ಹೇಗೆ ಎಂದು ಮನೆಯಲ್ಲಿ ಯಾರೋ ಕೇಳಿದ್ದರಂತೆ. ಅರವತ್ತು ಸಂವತ್ಸರಗಳ ಸಾಲಿನಲ್ಲಿ ಅದೊಂದು ಹೆಸರು ಅಷ್ಟೆ, ಸಂಕಲ್ಪದಲ್ಲಿ ಪುರೋಹಿತರು ಹೇಳುವುದೂ ಅದನ್ನೇ. ಉಳಿಸಿಕೊಂಡೆವು.

ನನ್ನ ಮೊದಲ ತಿದ್ದುಪಡಿಯಲ್ಲಿ ಎರಡು ತಪ್ಪಾಗಿದ್ದವು. ಒಂದನ್ನು ಪಟ್ಟಿ ಹಿಡಿಯಿತು: 'ದ್ವಿತೀಯ ಪುತ್ರ' ಎಂಬುದನ್ನು ಸರಳ ಮಾಡುವಾಗ ಬರೀ 'ಮಗ' ಎಂದು ಬರೆದಿದ್ದೆ. ಆ ಮನೆಯಲ್ಲಿ ಗಂಡುಮಕ್ಕಳು ಇಬ್ಬರು. ಅರಸೀಕೆರೆಯ ಕಡೆಯ ನೆಂಟರು ಪತ್ರಿಕೆ ನೋಡಿ ಮೊದಲು ಕೇಳುವುದೇ ದೊಡ್ಡವನದೋ ಚಿಕ್ಕವನದೋ ಎಂದು. 'ಎರಡನೆಯ' ವಾಪಸು ಬಂತು. ಇನ್ನೊಂದನ್ನು ಹಿಡಿದವರು ಅಕ್ಕ. ತೀರಿಹೋದ ತಂದೆಯ ಹೆಸರು ಬರುವಲ್ಲಿ 'ಅವರ ಆಸೆಯಂತೆ' ಎಂದು ಸೇರಿಸಿದ್ದೆ. ಅಕ್ಕ ಅದರ ಮೇಲೆ ಬೆರಳಿಟ್ಟು, "ಇದು ಬೇಡ. ಅವರು ಈ ಹುಡುಗನ್ನ ನೋಡೇ ಇರ್ಲಿಲ್ಲ" ಎಂದರು. ಮನ ಮುಟ್ಟಬೇಕೆಂದು ಬರೆದ ಮಾತು ಸುಳ್ಳಾಗಿತ್ತು. ಮದುವೆ ಪತ್ರಿಕೆಗಳಲ್ಲಿ ಎರಡು ಹೃದಯಗಳ ಮಿಲನ, ಹೊಸ ಬಾಳಿನ ಹೊಂಬೆಳಕು ಎಂದೆಲ್ಲ ಬರುವ ಸಾಲುಗಳೂ ಹೀಗೆಯೇ. ಯಾವ ಮನೆಯ ಪತ್ರಿಕೆಗೂ ಹೊಂದುತ್ತವೆ, ಆದ್ದರಿಂದ ಯಾವ ಮನೆಯವೂ ಅಲ್ಲ. ತಂದೆಗೆ ಅವರ ಜಾಗ ಕೊಡಲು 'ನನ್ನ ಮತ್ತು ದಿವಂಗತ … ಅವರ ಒಬ್ಬಳೇ ಮಗಳು' ಎಂಬಷ್ಟೇ ಸಾಕಾಯಿತು.

'ಆಶೀರ್ವಾದವೇ ಉಡುಗೊರೆ' ಎಂಬುದನ್ನೂ ಕೇಳಿ ತಿಳಿದುಕೊಂಡೆ. ಎಷ್ಟೋ ಮನೆಗಳಲ್ಲಿ ಅದು ರೂಢಿಗೆ ಹಾಕುವ ಸಾಲು, ಬಂದವರು ಕವರು ಕೊಟ್ಟೇ ಕೊಡುತ್ತಾರೆ. ಅಕ್ಕನಿಗೆ ನಿಜವಾಗಿಯೂ ಬೇಡವಾಗಿತ್ತು. ಹಾಗಿದ್ದರೆ ಬೇಡವೆಂದೇ ಹೇಳಬೇಕು.

ಕೊನೆಗೆ ನಿಂತ ಪಾಠ ಇದು.

|| ಶ್ರೀ … ಪ್ರಸನ್ನ ||

ಆತ್ಮೀಯರೇ,

ನನ್ನ ಮತ್ತು ದಿವಂಗತ … ಅವರ ಒಬ್ಬಳೇ ಮಗಳು ಚಿ. ಸೌ. … ಮದುವೆ ಇಟ್ಟುಕೊಂಡಿದ್ದೇವೆ. ಗುರುಹಿರಿಯರು ನಿಶ್ಚಯಿಸಿದಂತೆ ಅರಸೀಕೆರೆಯ ಶ್ರೀಮತಿ … ಮತ್ತು ಶ್ರೀ … ಅವರ ಎರಡನೆಯ ಮಗ ಚಿ. ರಾ. … ಅವಳ ಕೈಹಿಡಿಯುತ್ತಿದ್ದಾರೆ. ಮನೆಮಂದಿಯೆಲ್ಲ ಬನ್ನಿ. ಮಕ್ಕಳಿಗೆ ಅಕ್ಷತೆ ಹಾಕಿ ಹರಸಿ, ನಮ್ಮೊಂದಿಗೆ ಊಟ ಮಾಡಿಕೊಂಡು ಹೋಗಿ.

ಆರತಕ್ಷತೆ: 2-5-2026, ಶನಿವಾರ, ಸಂಜೆ 7 ಗಂಟೆಯಿಂದ. ರಾತ್ರಿ ಊಟ.
ಧಾರೆ: 3-5-2026, ಭಾನುವಾರ, ಬೆಳಿಗ್ಗೆ 9-30ರಿಂದ 10-30. ಮಧ್ಯಾಹ್ನ 12ರಿಂದ ಊಟ.
ಎರಡೂ ದಿನದ ಸ್ಥಳ: … ಸಮುದಾಯ ಭವನ, ಬಿ.ಎಚ್. ರಸ್ತೆ, ತಿಪಟೂರು.
ಬೀಗರ ಔತಣ: 5-5-2026, ಮಂಗಳವಾರ, ಮಧ್ಯಾಹ್ನ 1 ಗಂಟೆಗೆ, ವರನ ಮನೆ, ಅರಸೀಕೆರೆ.

ಮುಹೂರ್ತ: ಶಾಲಿವಾಹನ ಶಕ 1948, ಪರಾಭವ ಸಂವತ್ಸರ, ಉತ್ತರಾಯಣ, ವಸಂತ ಋತು, ವೈಶಾಖ ಬಹುಳ ಬಿದಿಗೆ, ಅನುರಾಧಾ ನಕ್ಷತ್ರ, ಮಿಥುನ ಲಗ್ನ.

ದಯವಿಟ್ಟು ಉಡುಗೊರೆ ತರಬೇಡಿ. ನೀವು ಬನ್ನಿ, ಅಷ್ಟು ಸಾಕು.

ಕರೆಯುವವರು: ಶ್ರೀಮತಿ …, ತಿಪಟೂರು
ಜೊತೆಯಲ್ಲಿ: ದೊಡ್ಡಮ್ಮ ಶ್ರೀಮತಿ …, ದೊಡ್ಡಪ್ಪ ಶ್ರೀ …
ಫೋನ್: …

ಹಳೆಯ ಚೌಕದಲ್ಲಿದ್ದದ್ದೂ ಮೇಲಿನ ವಾಕ್ಯದಲ್ಲಿದ್ದದ್ದೂ ಒಂದೇ ಕಡೆ ಬಂದದ್ದರಿಂದ ಯಾವ ತಾರೀಖನ್ನೂ ಎರಡು ಸಲ ಬರೆದಿಲ್ಲ. ಎರಡು ಸಲ ಬರೆದಾಗಲೇ ಅಲ್ಲವೇ ಒಂದು ಶನಿವಾರವೂ ಇನ್ನೊಂದು ಭಾನುವಾರವೂ ಆಗುವುದು. ಕರೆಯುವ ಮಾತು ಒಂದು ಕಡೆ, ತಿಳಿಸುವ ಮಾತು ಒಂದು ಕಡೆ ಇದ್ದರೆ ಎರಡೂ ಹಗುರವಾಗುತ್ತವೆ. ಹೊತ್ತು ಎಷ್ಟೆಂದು ಮತ್ತೆ ಮತ್ತೆ ತೆಗೆದು ನೋಡುವವರಿಗೂ ಹುಡುಕಾಟವಿಲ್ಲ. 'ಬನ್ನಿ' ಎಂದರೆ ದೊಡ್ಡವರಿಗೆ ಸಲಿಗೆಯಾಯಿತೇ, 'ದಯಮಾಡಿಸಿ' ಎನ್ನಬೇಕೇ ಎಂಬ ಮಾತೂ ಬಂತು. 'ದಯಮಾಡಿಸಿ' ಚೆಂದದ ಪದ. ಅದನ್ನು ಆಡುವ ಮನೆಗಳಲ್ಲಿ ಅದೇ ಇರಲಿ. ಅಕ್ಕನ ಬಾಯಲ್ಲಿ ಅದು ಇಲ್ಲ, ಮತ್ತು 'ಬನ್ನಿ' ಎಂಬುದರಲ್ಲಿಯೇ ಗೌರವದ ಬಹುವಚನ ಇದೆ.

ಪಟ್ಟಿ ಹಿಡಿದು ಗುರುತು ಹಾಕಿದೆವು. ನಾನು ಸಾಲು ಓದಿದೆ, ದೊಡ್ಡಪ್ಪ ಕರಡಿನಲ್ಲಿ ಬೆರಳಿಟ್ಟು ತೋರಿಸಿದರು. ಇಪ್ಪತ್ತನಾಲ್ಕೂ ಸಿಕ್ಕವು. ಕ್ಯಾಲೆಂಡರ್ ತೆಗೆದು ಮೂರೂ ತಾರೀಖುಗಳ ವಾರ ಸರಿಯೇ ಎಂದು ನೋಡಿದೆವು, ಪಂಚಾಂಗ ತೆರೆದು ಬಿದಿಗೆಯನ್ನೂ ನೋಡಿದೆವು. ಫೋನ್ ನಂಬರಿಗೆ ಅಲ್ಲಿಂದಲೇ ಕರೆ ಮಾಡಿದಾಗ ದೊಡ್ಡಪ್ಪನ ಜೇಬಿನಲ್ಲೇ ರಿಂಗಾಯಿತು.

ಆಮೇಲೆ ಅಕ್ಕ ಕನ್ನಡಕ ಹಾಕಿಕೊಂಡು ಪೂರ್ತಿ ಗಟ್ಟಿಯಾಗಿ ಓದಿದರು. 'ಮದುವೆ ಇಟ್ಟುಕೊಂಡಿದ್ದೇವೆ' ಎಂಬಲ್ಲಿ ದನಿ ಸ್ವಲ್ಪ ತಡೆಯಿತು, ಮುಂದೆ ಎಲ್ಲಿಯೂ ನಿಲ್ಲಲಿಲ್ಲ. ಹಳೆಯ ಕರಡನ್ನೂ ಒಮ್ಮೆ ಓದಲು ಹೇಳಿದೆ. ಶಕ ವರ್ಷ ದಾಟುವ ಮೊದಲೇ ಉಸಿರು ತೆಗೆದುಕೊಳ್ಳಬೇಕಾಯಿತು.

ನಿಮ್ಮ ಮನೆಯಲ್ಲೂ ಮದುವೆ ಇದ್ದರೆ, ಅಚ್ಚಿಗೆ ಕಳಿಸುವ ಹಿಂದಿನ ರಾತ್ರಿ, ಯಾರ ಹೆಸರಿನಲ್ಲಿ ಕರೆಯುತ್ತಿದ್ದೀರೋ ಅವರ ಬಾಯಲ್ಲೇ ಪತ್ರಿಕೆಯನ್ನು ಒಮ್ಮೆ ಗಟ್ಟಿಯಾಗಿ ಓದಿಸಿ. ಎಲ್ಲಿ ತಡವರಿಸುತ್ತಾರೋ ಅಲ್ಲಿ ತಿದ್ದಿ.